ಸರ್ಕಾರಿ ಆದೇಶವನ್ನು ಓದುವುದು ಹೇಗೆ: ಅಧಿಕಾರ, ಉಲ್ಲೇಖ, ಆದೇಶದ ಸಾಲು ಹುಡುಕುವ ಸಮಗ್ರ ಮಾರ್ಗದರ್ಶಿ

ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್ ಬರುತ್ತದೆ. "ನಮ್ಮ ಶಾಲೆಗೆ 6 ಕೊಠಡಿ ಮಂಜೂರಾಯ್ತು, 96 ಲಕ್ಷ ಬಂತು" ಅಂತ ಜೊತೆಗೊಂದು ಸಾಲು. ತೆರೆದು ನೋಡಿದರೆ 6 ಕೊಠಡಿಯೂ ಇದೆ, 96 ಲಕ್ಷವೂ ಇದೆ. ಆದರೆ ಅವು ಇರುವುದು ಪ್ರಸ್ತಾವನೆಯಲ್ಲಿ. ಆದೇಶದ ಭಾಗಕ್ಕೆ ಬಂದರೆ 4 ಕೊಠಡಿ, 64 ಲಕ್ಷ. ಅದೂ ಆಡಳಿತಾತ್ಮಕ ಅನುಮೋದನೆ ಮಾತ್ರ, ಹಣ ಇನ್ನೂ ಬಿಡುಗಡೆಯಾಗಿಲ್ಲ.

ಇಂಥ ಗೊಂದಲಕ್ಕೆ ಮುಖ್ಯ ಕಾರಣ ಒಂದೇ. ನಾವು ಆದೇಶವನ್ನು ಸುದ್ದಿಯಂತೆ ಮೇಲಿನಿಂದ ಓದಲು ಶುರುಮಾಡುತ್ತೇವೆ, ಮೊದಲು ಸಿಕ್ಕ ಅಂಕಿಯನ್ನೇ ಹಿಡಿದುಕೊಳ್ಳುತ್ತೇವೆ. ಆದರೆ ಕರ್ನಾಟಕ ಸರ್ಕಾರದ ಆದೇಶದ ಮೊದಲ ಅರ್ಧದಲ್ಲಿ ಇರುವುದು ಯಾರು ಏನು ಕೇಳಿದರು ಎಂಬುದು. ಸರ್ಕಾರ ಏನು ಕೊಟ್ಟಿತು ಎಂಬುದು ಆಮೇಲೆ ಬರುತ್ತದೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕೆಳಗೆ ಒಂದು ಮಾದರಿ ಆದೇಶ ಕೊಟ್ಟಿದ್ದೇನೆ. ಇದು ನಿಜವಾದ ಆದೇಶವಲ್ಲ. ಸಂಖ್ಯೆ, ದಿನಾಂಕ, ಮೊತ್ತ ಎಲ್ಲವನ್ನೂ ವಿವರಣೆಗಾಗಿ ನಾನೇ ಹಾಕಿದ್ದು. ಆದರೆ ಜೋಡಣೆ ಮತ್ತು ಭಾಷೆ ವಿಧಾನಸೌಧ, ಎಂ.ಎಸ್. ಕಟ್ಟಡಗಳಿಂದ ಹೊರಡುವ ಆದೇಶಗಳದ್ದೇ.

## ಮಾದರಿ ಆದೇಶ

> ಕರ್ನಾಟಕ ಸರ್ಕಾರದ ನಡವಳಿಗಳು
>
> ವಿಷಯ: ... ತಾಲ್ಲೂಕು, ... ಗ್ರಾಮದ ಸರ್ಕಾರಿ ಪ್ರೌಢಶಾಲೆಗೆ ಹೆಚ್ಚುವರಿ ಕೊಠಡಿಗಳನ್ನು ನಿರ್ಮಿಸಲು ಆಡಳಿತಾತ್ಮಕ ಅನುಮೋದನೆ ನೀಡುವ ಬಗ್ಗೆ.
>
> ಓದಲಾಗಿದೆ:
> (1) ಸರ್ಕಾರದ ಆದೇಶ ಸಂಖ್ಯೆ: ಇಡಿ 45 ಎಂಐಎಸ್ 2023, ದಿನಾಂಕ: 18-12-2023.
> (2) ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ಇವರ ಪತ್ರ ದಿನಾಂಕ: 12-06-2024.
>
> ಪ್ರಸ್ತಾವನೆ:
> ಮೇಲೆ ಓದಲಾದ (1)ರ ಆದೇಶದಲ್ಲಿ ಶಿಥಿಲಗೊಂಡ ಶಾಲಾ ಕೊಠಡಿಗಳ ಬದಲಿಗೆ ಹೊಸ ಕೊಠಡಿಗಳನ್ನು ನಿರ್ಮಿಸುವ ಬಗ್ಗೆ ಮಾರ್ಗಸೂಚಿಗಳನ್ನು ಹೊರಡಿಸಲಾಗಿದೆ. (2)ರ ಪತ್ರದಲ್ಲಿ ಆಯುಕ್ತರು, ಸದರಿ ಶಾಲೆಗೆ 6 ಕೊಠಡಿಗಳನ್ನು ರೂ.96.00 ಲಕ್ಷಗಳ ಅಂದಾಜು ವೆಚ್ಚದಲ್ಲಿ ನಿರ್ಮಿಸಲು ಅನುಮೋದನೆ ನೀಡುವಂತೆ ಕೋರಿರುತ್ತಾರೆ. ಪ್ರಸ್ತಾವನೆಯನ್ನು ಸರ್ಕಾರವು ಪರಿಶೀಲಿಸಿ, ಈ ಕೆಳಕಂಡಂತೆ ಆದೇಶಿಸಿದೆ.
>
> ಸರ್ಕಾರದ ಆದೇಶ ಸಂಖ್ಯೆ: ಇಡಿ 45 ಎಂಐಎಸ್ 2023, ಬೆಂಗಳೂರು, ದಿನಾಂಕ: 09-09-2024
>
> ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ, ಸದರಿ ಸರ್ಕಾರಿ ಪ್ರೌಢಶಾಲೆಗೆ 4 ಹೆಚ್ಚುವರಿ ಕೊಠಡಿಗಳನ್ನು ರೂ.64.00 ಲಕ್ಷಗಳ ಅಂದಾಜು ವೆಚ್ಚದಲ್ಲಿ ನಿರ್ಮಿಸಲು ಈ ಕೆಳಕಂಡ ಷರತ್ತುಗಳಿಗೊಳಪಟ್ಟು ಆಡಳಿತಾತ್ಮಕ ಅನುಮೋದನೆ ನೀಡಿ ಆದೇಶಿಸಿದೆ.
>
> 1. ತಾಂತ್ರಿಕ ಮಂಜೂರಾತಿ ಪಡೆದ ನಂತರವೇ ಟೆಂಡರ್ ಕರೆಯತಕ್ಕದ್ದು.
> 2. ವೆಚ್ಚವನ್ನು ಲೆಕ್ಕ ಶೀರ್ಷಿಕೆ 4202-... ರಡಿ 2024-25ನೇ ಸಾಲಿಗೆ ಒದಗಿಸಿರುವ ಅನುದಾನದಿಂದ ಭರಿಸತಕ್ಕದ್ದು.
> 3. ಅಂದಾಜು ವೆಚ್ಚ ಹೆಚ್ಚಾದಲ್ಲಿ ಸರ್ಕಾರದ ಪೂರ್ವಾನುಮೋದನೆ ಪಡೆಯತಕ್ಕದ್ದು.
>
> ಈ ಆದೇಶವನ್ನು ಆರ್ಥಿಕ ಇಲಾಖೆಯ ಟಿಪ್ಪಣಿ ಸಂಖ್ಯೆ: ಆಇ 310 ವೆಚ್ಚ-8/2024, ದಿನಾಂಕ: 28-08-2024ರಲ್ಲಿ ನೀಡಿರುವ ಸಹಮತಿಯನ್ವಯ ಹೊರಡಿಸಲಾಗಿದೆ.
>
> ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ
> ಮತ್ತು ಅವರ ಹೆಸರಿನಲ್ಲಿ,
> (ಸಹಿ)
> ಸರ್ಕಾರದ ಅಧೀನ ಕಾರ್ಯದರ್ಶಿ,
> ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ
>
> ಇವರಿಗೆ: ಪ್ರಧಾನ ಮಹಾಲೇಖಪಾಲರು, ಬೆಂಗಳೂರು / ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ / ಸಂಬಂಧಪಟ್ಟ ಉಪನಿರ್ದೇಶಕರು / ಶಾಖಾ ರಕ್ಷಾ ಕಡತ

ಇದನ್ನು ಈಗ ಬಿಡಿಸೋಣ. ಮೇಲಿನಿಂದಲ್ಲ, ನಡುವಿನಿಂದ.

## ಹಂತ 1: ನಡುವಿನ ಗೆರೆ ಹುಡುಕಿ

ಪುಟದ ಮೇಲೆ ಕಣ್ಣಾಡಿಸಿ "ಸರ್ಕಾರದ ಆದೇಶ ಸಂಖ್ಯೆ" ಎಂದು ದಪ್ಪಕ್ಷರದಲ್ಲಿ, ಊರಿನ ಹೆಸರು ಮತ್ತು ದಿನಾಂಕದ ಜೊತೆ ಬಂದಿರುವ ಸಾಲನ್ನು ಹುಡುಕಿ. ಅದೇ ಪದಗಳು ಮೇಲೆ "ಓದಲಾಗಿದೆ" ಪಟ್ಟಿಯಲ್ಲೂ ಇರಬಹುದು, ಆದರೆ ಅಲ್ಲಿ "ಬೆಂಗಳೂರು" ಇರುವುದಿಲ್ಲ, ಹಿಂದೆ ಕ್ರಮಸಂಖ್ಯೆ ಇರುತ್ತದೆ. ನಡುವಿನ ಸಾಲು ತಲೆಬರಹದಂತೆ ಒಂಟಿಯಾಗಿ ನಿಂತಿರುತ್ತದೆ. ಅದರ ಮೇಲಿರುವುದು ಹಿನ್ನೆಲೆ. ಕೆಳಗಿರುವುದು ಆದೇಶ.

ಪೆನ್ಸಿಲ್ ತಗೊಂಡು ಅಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಮೊಬೈಲಿನಲ್ಲಾದರೆ ಆ ಸಾಲಿನ ಮೇಲಿನ ಭಾಗವನ್ನು ಸದ್ಯಕ್ಕೆ ಮರೆತುಬಿಡಿ. ಗೆರೆಯ ಮೇಲಿನ ಯಾವ ಅಂಕಿಯನ್ನೂ ಬರೆದುಕೊಳ್ಳಬೇಡಿ.

ವಿಷಯದ ಸಾಲನ್ನೂ ನಂಬಿ ಕೂರುವ ಹಾಗಿಲ್ಲ. ಗಮನಿಸಿ: "ಆಡಳಿತಾತ್ಮಕ ಅನುಮೋದನೆ ನೀಡುವ ಬಗ್ಗೆ". ನೀಡಿದೆ ಅಂತಲೂ ಇಲ್ಲ, ನಿರಾಕರಿಸಿದೆ ಅಂತಲೂ ಇಲ್ಲ. ಕಡತ ಶುರುವಾದ ದಿನ ಬರೆದ ವಿಷಯವೇ ಹೆಚ್ಚು ಕಡಿಮೆ ಹಾಗೇ ಕೊನೆಯವರೆಗೂ ಬರುತ್ತದೆ. ಆರು ಕೇಳಿ ನಾಲ್ಕು ಕೊಟ್ಟರೂ, ಏನೂ ಕೊಡದಿದ್ದರೂ ವಿಷಯ "ನೀಡುವ ಬಗ್ಗೆ" ಅಂತಲೇ ಇರಬಹುದು.

## ಹಂತ 2: ಆದೇಶದ ಸಾಲನ್ನು ಹಿಂದಿನಿಂದ ಬಿಡಿಸಿ

ಗೆರೆಯ ಕೆಳಗಿನ ಮೊದಲ ವಾಕ್ಯ ಉದ್ದವಾಗಿರುತ್ತದೆ. ಕೆಲವೊಮ್ಮೆ ಅರ್ಧ ಪುಟ. ಅದನ್ನು ಮೊದಲಿನಿಂದ ಓದಿದರೆ ದಾರಿ ತಪ್ಪುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ, ಹಾಗಾಗಿ ಪೂರ್ಣವಿರಾಮದಿಂದ ಹಿಂದಕ್ಕೆ ಬನ್ನಿ.

ನಮ್ಮ ಮಾದರಿಯಲ್ಲಿ ಕೊನೆಯ ಪದ "ಆದೇಶಿಸಿದೆ". ಆದೇಶಿಸಿದ್ದು ಸರ್ಕಾರ, ಅದನ್ನು ಹೇಳದೇ ಬಿಟ್ಟಿದ್ದಾರೆ. ಅದಕ್ಕೂ ಹಿಂದಿನದು "ಆಡಳಿತಾತ್ಮಕ ಅನುಮೋದನೆ ನೀಡಿ". ಆಗಿರುವ ಕೆಲಸ ಇದೇ. ಇನ್ನೂ ಹಿಂದಕ್ಕೆ ಬಂದರೆ "ಷರತ್ತುಗಳಿಗೊಳಪಟ್ಟು", ಅಂದರೆ ಇದು ಬೇಷರತ್ತಲ್ಲ. ಅದರ ಹಿಂದೆ "ನಿರ್ಮಿಸಲು", "ರೂ.64.00 ಲಕ್ಷಗಳ ಅಂದಾಜು ವೆಚ್ಚದಲ್ಲಿ", "4 ಹೆಚ್ಚುವರಿ ಕೊಠಡಿಗಳನ್ನು". ಎಲ್ಲಕ್ಕಿಂತ ಹಿಂದಿರುವ "ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ" ಎಂಬುದು ರೂಢಿಯ ಆರಂಭ. ಅದರಿಂದ ಪ್ರಸ್ತಾವನೆಯ ಕೋರಿಕೆ ಪೂರ್ತಿ ಒಪ್ಪಿಗೆಯಾಯಿತು ಅಂತ ಆಗುವುದಿಲ್ಲ.

ಈಗ ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆಯಿರಿ: "4 ಕೊಠಡಿ ಕಟ್ಟಲು, 64 ಲಕ್ಷದ ಅಂದಾಜಿನಲ್ಲಿ, ಮೂರು ಷರತ್ತಿನ ಮೇಲೆ, ಆಡಳಿತಾತ್ಮಕ ಅನುಮೋದನೆ ಕೊಟ್ಟಿದ್ದಾರೆ."

"ಆದೇಶಿಸಿದೆ" ಎಲ್ಲ ಆದೇಶಗಳಲ್ಲೂ ಬರುತ್ತದೆ, ಆದ್ದರಿಂದ ಅದರ ಹಿಂದಿನ ಪದವೇ ಮುಖ್ಯ. "ತಾತ್ವಿಕ ಒಪ್ಪಿಗೆ ನೀಡಿ" ಅಂತಿದ್ದರೆ ಸರ್ಕಾರ ವಿಚಾರವನ್ನು ಒಪ್ಪಿದೆ, ಅಷ್ಟೇ. ಮುಂದೆ ಇನ್ನೊಂದು ಆದೇಶ ಬೇಕಾಗುತ್ತದೆ. "ಆಡಳಿತಾತ್ಮಕ ಅನುಮೋದನೆ ನೀಡಿ" ಅಂದರೆ ಈ ಕೆಲಸವನ್ನು ಈ ಅಂದಾಜಿನಲ್ಲಿ ಮಾಡಬಹುದು ಅಂತ ಇಲಾಖೆ ಒಪ್ಪಿದೆ. ಇಂಜಿನಿಯರ್‌ಗಳ ತಾಂತ್ರಿಕ ಮಂಜೂರಾತಿ, ಟೆಂಡರ್ ಇನ್ನೂ ಬಾಕಿ. "ಅನುದಾನ ಬಿಡುಗಡೆ ಮಾಡಿ ಆದೇಶಿಸಿದೆ" ಅಂತ ಇದ್ದರೆ ಮಾತ್ರ ಹಣದ ಮಾತು. ಮೊದಲು ಕೆಲಸ ಮುಗಿದು ಆಮೇಲೆ ಒಪ್ಪಿಗೆ ಕೊಟ್ಟಿದ್ದರೆ "ಘಟನೋತ್ತರ ಅನುಮೋದನೆ" ಎಂದಿರುತ್ತದೆ.

ನಮ್ಮ ಶಾಲೆಯ ಆದೇಶ ಎರಡನೇ ಬಗೆಯದು. "64 ಲಕ್ಷ ಬಂತು" ಅನ್ನುವುದು ತಪ್ಪು. "64 ಲಕ್ಷದ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು" ಅನ್ನುವುದು ಸರಿ. ಎಸ್‌ಡಿಎಂಸಿ ಸಭೆಯಲ್ಲಿ ಈ ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಬಿಡುಗಡೆ ಆದೇಶ ಬೇರೆ ಬರಬೇಕು, ಅದನ್ನು ಬೇರೆಯಾಗಿಯೇ ಕೇಳಬೇಕು.

ದಿನಾಂಕವನ್ನೂ ಈ ಸಾಲಿನಲ್ಲೇ ಹುಡುಕಿ. ಆದೇಶ ಹೊರಟ ದಿನ ಒಂದು, ಅದು ಜಾರಿಗೆ ಬರುವ ದಿನ ಇನ್ನೊಂದು ಇರಬಹುದು. "ತಕ್ಷಣದಿಂದ ಜಾರಿಗೆ ಬರುವಂತೆ" ಇದ್ದರೆ ಸುಲಭ. "ದಿನಾಂಕ 01-04-2024ರಿಂದ ಪೂರ್ವಾನ್ವಯವಾಗುವಂತೆ" ಎಂದಿದ್ದರೆ ಹಿಂದಿನ ದಿನದಿಂದಲೇ ಲೆಕ್ಕ. "ಮುಂದಿನ ಆದೇಶದವರೆಗೆ" ಎಂದಿದ್ದರೆ ಮುಗಿಯುವ ದಿನ ನಿಗದಿಯಾಗಿಲ್ಲ. ವೇತನ, ಬಡ್ತಿ, ವರ್ಗಾವಣೆ ಆದೇಶಗಳಲ್ಲಿ ಎಷ್ಟೋ ಸಲ ಜಗಳ ಶುರುವಾಗುವುದು ಈ ಮೂರು ಮಾತುಗಳಿಂದಲೇ.

## ಹಂತ 3: ಷರತ್ತುಗಳಲ್ಲಿ ಯಾರು, ಯಾವಾಗ

ಷರತ್ತುಗಳೂ ಆದೇಶದ ಭಾಗವೇ. "ತಕ್ಕದ್ದು" ಅಂತ ಮುಗಿದರೆ ಕಡ್ಡಾಯ. "ಬಹುದು" ಅಂತ ಮುಗಿದರೆ ಅವಕಾಶ.

ನಮ್ಮ ಮಾದರಿಯ ಮೊದಲ ಷರತ್ತು ನೋಡಿ: "ಪಡೆದ ನಂತರವೇ ಟೆಂಡರ್ ಕರೆಯತಕ್ಕದ್ದು". ಆ "ನಂತರವೇ" ಎಂಬುದರಲ್ಲಿ ಕ್ರಮ ಇದೆ. ತಾಂತ್ರಿಕ ಮಂಜೂರಾತಿ ಇಲ್ಲದೆ ಟೆಂಡರ್ ಕರೆದರೆ ಆದೇಶ ಮೀರಿದಂತೆ. ಆದರೆ ಕರೆಯಬೇಕಾದವರು ಯಾರು ಅಂತ ವಾಕ್ಯದಲ್ಲಿ ಇಲ್ಲ. ಸರ್ಕಾರಿ ಭಾಷೆಯಲ್ಲಿ ಹೀಗೆ ಮಾಡುವವರ ಹೆಸರು ಬಿಟ್ಟುಹೋಗುವುದು ತುಂಬಾ ಸಾಮಾನ್ಯ. ಆಗ ಕೊನೆಯ "ಇವರಿಗೆ" ಪಟ್ಟಿ ನೋಡಬೇಕು. ಪ್ರತಿ ಯಾರಿಗೆ ಹೋಗಿದೆಯೋ ಅವರಲ್ಲೇ ಒಬ್ಬರು ಅದನ್ನು ಜಾರಿ ಮಾಡಬೇಕಾದವರು. ಇಲ್ಲಿ ಆಯುಕ್ತರು ಮತ್ತು ಉಪನಿರ್ದೇಶಕರು ಇದ್ದಾರೆ. ನೀವು ವಿಚಾರಿಸಬೇಕಾದ್ದು ಮೊದಲು ಉಪನಿರ್ದೇಶಕರ ಕಚೇರಿಯಲ್ಲಿ. ಶಾಲೆಯ ಮುಖ್ಯ ಶಿಕ್ಷಕರನ್ನು ಸುಮ್ನೆ ಗೋಳಾಡಿಸಿ ಪ್ರಯೋಜನವಿಲ್ಲ, ಅವರಿಗೆ ಪ್ರತಿಯೇ ಹೋಗಿಲ್ಲ.

ಎರಡನೇ ಷರತ್ತಿನ ಲೆಕ್ಕ ಶೀರ್ಷಿಕೆಯೂ ಒಂದು ವಿಷಯ ಹೇಳುತ್ತದೆ. ಮೊದಲ ನಾಲ್ಕು ಅಂಕಿ ಮುಖ್ಯ ಶೀರ್ಷಿಕೆ. 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ, ಅಂದರೆ ಸಂಬಳ, ನಿರ್ವಹಣೆಯಂಥವು. 4 ಅಥವಾ 5ರಿಂದ ಶುರುವಾದರೆ ಬಂಡವಾಳ ವೆಚ್ಚ, ಅಂದರೆ ಕಟ್ಟಡದಂಥ ಆಸ್ತಿ. 2202 ಸಾಮಾನ್ಯ ಶಿಕ್ಷಣದ ರಾಜಸ್ವ ಶೀರ್ಷಿಕೆ. 4202 ಶಿಕ್ಷಣ, ಕ್ರೀಡೆ, ಕಲೆ ಮತ್ತು ಸಂಸ್ಕೃತಿಯ ಬಂಡವಾಳ ಶೀರ್ಷಿಕೆ. ಹೊಸ ಕೊಠಡಿಗೆ 4202 ಇರುವುದು ಸರಿಯಾಗಿದೆ.

ಅದೇ ಷರತ್ತಿನಲ್ಲಿ "2024-25ನೇ ಸಾಲಿಗೆ" ಎಂದಿದೆ. ಆ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದೇಶ ಹೊರಟಿದ್ದು ಸೆಪ್ಟೆಂಬರ್ 9ಕ್ಕೆ. ಉಳಿದ ಸುಮಾರು ಏಳು ತಿಂಗಳಲ್ಲಿ ತಾಂತ್ರಿಕ ಮಂಜೂರಾತಿ, ಟೆಂಡರ್, ಕೆಲಸ, ಬಿಲ್ ಎಲ್ಲ ಆಗಬೇಕು. ಖರ್ಚಾಗದ ಅನುದಾನ ತಾನಾಗಿಯೇ ಮುಂದಿನ ವರ್ಷಕ್ಕೆ ಬರುವುದಿಲ್ಲ. ಹಾಗಾಗಿ ಆದೇಶ ಕೈಗೆ ಸಿಕ್ಕಿದ ವಾರದಲ್ಲೇ ಕೇಳಬೇಕಾದ ಪ್ರಶ್ನೆ: "ತಾಂತ್ರಿಕ ಮಂಜೂರಾತಿ ಎಲ್ಲಿದೆ?"

## ಹಂತ 4: ಅಧಿಕಾರ ಎಲ್ಲಿಂದ ಬಂತು

ಆದೇಶದ ಅಧಿಕಾರ ಅಂದರೆ ಸಹಿ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಸಹಿ ಒಂದು ಭಾಗ ಅಷ್ಟೇ. ಅಧಿಕಾರವನ್ನು ಮೂರು ಕಡೆ ಹುಡುಕಬೇಕು.

ಮೊದಲನೆಯದು ಸಹಿಯ ಮೇಲಿನ ಸಾಲು: "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ". ಇದು ಬರೀ ಮರ್ಯಾದೆಯ ಮಾತಲ್ಲ. ಸಂವಿಧಾನದ 166ನೇ ಅನುಚ್ಛೇದದ ಪ್ರಕಾರ ರಾಜ್ಯ ಸರ್ಕಾರದ ಎಲ್ಲ ಕಾರ್ಯಾಂಗ ಕ್ರಮಗಳೂ ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕು. ಹಾಗಂತ ರಾಜ್ಯಪಾಲರು ಈ ಶಾಲೆಯ ಕಡತ ನೋಡಿದ್ದಾರೆ ಅಂತಲ್ಲ. ಅಧೀನ ಕಾರ್ಯದರ್ಶಿಯೇ ತೀರ್ಮಾನ ಮಾಡಿದರು ಅಂತಲೂ ಅಲ್ಲ. ತೀರ್ಮಾನ ಕಡತದಲ್ಲಿ ಮೇಲಿನವರದ್ದು. ಅಧೀನ ಕಾರ್ಯದರ್ಶಿ ಅದನ್ನು ದೃಢೀಕರಿಸಿ ಹೊರಗೆ ಕೊಡುತ್ತಾರೆ. ಯಾವ ವಿಷಯ ಯಾರ ಹಂತದಲ್ಲಿ ತೀರ್ಮಾನವಾಗಬೇಕು ಎಂಬುದಕ್ಕೆ 1977ರ ಕರ್ನಾಟಕ ಸರ್ಕಾರದ ಕಾರ್ಯಕಲಾಪಗಳ ನಿಯಮಗಳಿವೆ.

ಇಲ್ಲಿ ಒಂದು ಮಾತು ನೆನಪಿಡಿ. "ಮಂತ್ರಿಗಳು ಕಡತಕ್ಕೆ ಸಹಿ ಹಾಕಿದ್ದಾರೆ, ಆಯ್ತು" ಅಂತ ಯಾರಾದರೂ ಹೇಳಿದರೆ ಅದು ಇನ್ನೂ ಆದೇಶವಾಗಿಲ್ಲ. ಬಚ್ಚಿತ್ತರ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಇದನ್ನು ಹೇಳಿದೆ. ಕಡತದಲ್ಲಿ ಮಂತ್ರಿ ಬರೆದದ್ದು ರಾಜ್ಯಪಾಲರ ಹೆಸರಿನಲ್ಲಿ ಹೊರಟು ಸಂಬಂಧಪಟ್ಟವರಿಗೆ ತಲುಪುವವರೆಗೂ ಅದು ಸರ್ಕಾರದ ಆದೇಶ ಆಗುವುದಿಲ್ಲ, ಅಷ್ಟರೊಳಗೆ ಅದನ್ನು ಬದಲಾಯಿಸಬಹುದು.

ಎರಡನೆಯದು ಹಣದ ಅಧಿಕಾರ. ಸಹಿಗಿಂತ ಸ್ವಲ್ಪ ಮೇಲಿರುವ "ಆರ್ಥಿಕ ಇಲಾಖೆಯ ಟಿಪ್ಪಣಿ ಸಂಖ್ಯೆ: ಆಇ 310 ವೆಚ್ಚ-8/2024" ಎಂಬ ಸಾಲು. ಖರ್ಚು ತರುವ ಆದೇಶಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಇಲ್ಲವೇ, ಆರ್ಥಿಕ ಇಲಾಖೆ ಮೊದಲೇ ಒಂದು ಆದೇಶದ ಮೂಲಕ ಇಲಾಖೆಗೆ ಆ ಅಧಿಕಾರ ಕೊಟ್ಟಿರಬೇಕು. ಆಗ ಸಾಲು "ಆಡಳಿತ ಇಲಾಖೆಗೆ ಪ್ರತ್ಯಾಯೋಜಿಸಲಾದ ಆರ್ಥಿಕ ಅಧಿಕಾರದನ್ವಯ" ಎಂದು ಬರುತ್ತದೆ. ವಿಷಯ ಸಚಿವ ಸಂಪುಟಕ್ಕೆ ಹೋಗಿ ಬಂದಿದ್ದರೆ ಸಂಪುಟ ಪ್ರಕರಣದ ಸಂಖ್ಯೆ ಮತ್ತು ಸಭೆಯ ದಿನಾಂಕ ಅಲ್ಲೇ ಇರುತ್ತದೆ. ಹಣದ ಮಾತಿರುವ ಆದೇಶದಲ್ಲಿ ಇವು ಯಾವುದೂ ಕಾಣದಿದ್ದರೆ ಅದನ್ನು ಗುರುತು ಹಾಕಿಟ್ಟುಕೊಳ್ಳಿ. ಲೆಕ್ಕಪರಿಶೋಧನೆಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ದಿನಾಂಕವನ್ನೂ ತಾಳೆ ನೋಡಿ. ಸಹಮತಿ ಕೊಟ್ಟಿದ್ದು 28-08-2024. ಆದೇಶ 09-09-2024. ಸಹಮತಿ ಮೊದಲು, ಆದೇಶ ಆಮೇಲೆ. ಸರಿಯಾಗಿದೆ. ಉಲ್ಟಾ ಇದ್ದರೆ ಬೆರಳಚ್ಚಿನ ತಪ್ಪಿರಬಹುದು, ಅದಕ್ಕಿಂತ ದೊಡ್ಡ ತೊಂದರೆಯೂ ಇರಬಹುದು.

ಮೂರನೆಯದು ಕಾನೂನಿನ ಅಧಿಕಾರ. ನಮ್ಮ ಮಾದರಿಯಲ್ಲಿ ಇದಿಲ್ಲ, ಏಕೆಂದರೆ ಕೊಠಡಿ ಕಟ್ಟುವ ಒಪ್ಪಿಗೆಗೆ ಪ್ರತ್ಯೇಕ ಕಾಯ್ದೆಯ ಆಸರೆ ಬೇಡ. ಆದರೆ ನೇಮಕಾತಿ ನಿಯಮ, ಭೂಸ್ವಾಧೀನ, ತೆರಿಗೆ, ಗಡಿ ಬದಲಾವಣೆ ಇಂಥ ವಿಷಯಗಳಲ್ಲಿ "... ಅಧಿನಿಯಮದ ... ನೇ ಪ್ರಕರಣದ ಮೂಲಕ ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ" ಎಂಬ ಮಾತು ಬರಲೇಬೇಕು. ಅದು ಸಾಮಾನ್ಯವಾಗಿ ಅಧಿಸೂಚನೆಯ ರೂಪದಲ್ಲಿ ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಅಧಿಸೂಚನೆ ಓದುವಾಗ ಮೊದಲ ಸಾಲನ್ನೇ ಹಿಡಿಯಿರಿ, ಅಲ್ಲಿ ಅಧಿಕಾರ ಮುಂದೆಯೇ ಇರುತ್ತದೆ.

ಜಿಲ್ಲಾಧಿಕಾರಿ ಅಥವಾ ಆಯುಕ್ತರ ಕಚೇರಿಯಿಂದಲೂ "ನಡವಳಿ" ಎಂಬ ತಲೆಬರಹದ ಆದೇಶಗಳು ಹೊರಡುತ್ತವೆ. ಅವುಗಳಲ್ಲಿ ರಾಜ್ಯಪಾಲರ ಹೆಸರಿನ ಸಾಲು ಇರುವುದಿಲ್ಲ. ಅದು ದೋಷವಲ್ಲ. ಅವರು ತಮಗೆ ಕಾಯ್ದೆಯಿಂದಲೋ ಸರ್ಕಾರದ ಆದೇಶದಿಂದಲೋ ಸಿಕ್ಕ ಅಧಿಕಾರವನ್ನು ಬಳಸುತ್ತಾರೆ. ಅಲ್ಲಿ ನೋಡಬೇಕಾದ್ದು ಆ ಅಧಿಕಾರ ಯಾವುದು ಅಂತ ಬರೆದಿದ್ದಾರೋ ಇಲ್ಲವೋ ಎಂಬುದನ್ನು. ಇನ್ನು ಅಧೀನ ಕಾರ್ಯದರ್ಶಿ ಬರೆದ "ತಿಳಿಸಲು ನಿರ್ದೇಶಿತನಾಗಿದ್ದೇನೆ" ಎಂದು ಮುಗಿಯುವ ಪತ್ರ ಬಂದರೆ, ಅದು ಸರ್ಕಾರದ ನಿಲುವನ್ನು ತಿಳಿಸುವ ಪತ್ರ. ಅದರ ಹಿಂದೆ ಆದೇಶ ಇದೆಯಾ ಅಂತ ಕೇಳಿ ಸಂಖ್ಯೆ ಪಡೆಯಿರಿ.

## ಹಂತ 5: ಸಂಖ್ಯೆ ಮತ್ತು ಉಲ್ಲೇಖ

"ಇಡಿ 45 ಎಂಐಎಸ್ 2023" ಎಂಬುದನ್ನು ನಾಲ್ಕು ತುಂಡು ಮಾಡಿ. "ಇಡಿ" ಇಲಾಖೆ. 45 ಕಡತದ ಕ್ರಮಸಂಖ್ಯೆ. "ಎಂಐಎಸ್" ಶಾಖೆ ಅಥವಾ ವಿಷಯದ ಸಂಕೇತ. 2023 ಕಡತ ತೆರೆದ ವರ್ಷ. ಇಲಾಖೆಯ ಸಂಕೇತ ಬೇರೆ ಬೇರೆ: ಆರ್ಥಿಕ ಇಲಾಖೆಗೆ ಆಇ, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ ಸಿಆಸುಇ, ನಗರಾಭಿವೃದ್ಧಿಗೆ ನಅಇ. ಇ-ಆಫೀಸ್ ಬಂದ ಮೇಲೆ ಓರೆಗೆರೆ, ಅಡ್ಡಗೆರೆ ಸೇರಿದ ಸಂಖ್ಯೆಗಳೂ ಬರುತ್ತಿವೆ. ಆದರೂ ಒಳಗಿನ ತುಂಡುಗಳು ಇವೇ.

ಈಗ ಮಾದರಿಯನ್ನು ಮತ್ತೆ ನೋಡಿ. "ಓದಲಾಗಿದೆ" ಪಟ್ಟಿಯ (1)ರ ಸಂಖ್ಯೆಯೂ, ನಡುವಿನ ಸಂಖ್ಯೆಯೂ ಒಂದೇ! ಇದು ತಪ್ಪಲ್ಲ. ಆದೇಶದ ಸಂಖ್ಯೆ ಅಂದರೆ ಕಡತದ ಸಂಖ್ಯೆ. ಒಂದೇ ಕಡತದಿಂದ ಡಿಸೆಂಬರ್ 2023ರಲ್ಲಿ ಮಾರ್ಗಸೂಚಿ ಹೊರಟಿದೆ, ಸೆಪ್ಟೆಂಬರ್ 2024ರಲ್ಲಿ ಅನುಮೋದನೆ ಹೊರಟಿದೆ. ಎರಡಕ್ಕೂ ಒಂದೇ ಸಂಖ್ಯೆ, ಬೇರೆ ದಿನಾಂಕ. ಆದ್ದರಿಂದ ಯಾವುದೇ ಅರ್ಜಿಯಲ್ಲಿ ಬರೀ ಸಂಖ್ಯೆ ಬರೆದರೆ ಕಚೇರಿಯವರು ಬೇರೆ ಆದೇಶ ಕೊಟ್ಟು ಕಳಿಸಬಹುದು, ಅವರನ್ನು ದೂರುವ ಹಾಗೂ ಇಲ್ಲ. ಸಂಖ್ಯೆ ಮತ್ತು ದಿನಾಂಕ ಯಾವಾಗಲೂ ಜೋಡಿಯಾಗಿ ಬರೆಯಿರಿ. 2023 ಅಂತ ಇರುವುದರಿಂದ ಇದು 2023ರ ಆದೇಶ ಅಂತಲೂ ಅಂದುಕೊಳ್ಳಬೇಡಿ.

"ಓದಲಾಗಿದೆ" ಪಟ್ಟಿಯನ್ನು ಕೆಲವು ಕಚೇರಿಗಳಲ್ಲಿ "ಉಲ್ಲೇಖ" ಅಂತ ಹಾಕುತ್ತಾರೆ. ಇದರಲ್ಲಿ ಎಲ್ಲಕ್ಕೂ ಸಮಾನ ತೂಕ ಇಲ್ಲ. ಪ್ರತಿ ನಮೂದಿನ ಮುಂದೆ ಅದು ಏನು ಅಂತ ಒಂದು ಗುರುತು ಹಾಕಿ: ಆದೇಶವಾ, ಸುತ್ತೋಲೆಯಾ, ಪತ್ರವಾ. (1) ಸರ್ಕಾರದ ಆದೇಶ, ಅದು ನಿಮಗೆ ಬೇಕು. ನಮ್ಮ ಆದೇಶದಲ್ಲಿ ಹೇಳದ ಎಷ್ಟೋ ವಿಷಯ, ಉದಾಹರಣೆಗೆ ಯಾವ ಕೊಠಡಿಯನ್ನು ಶಿಥಿಲ ಅಂತ ಪರಿಗಣಿಸಬೇಕು ಎಂಬುದು, ಆ ಮಾರ್ಗಸೂಚಿಯಲ್ಲಿ ಇರುತ್ತದೆ. (2) ಆಯುಕ್ತರ ಕೋರಿಕೆಯ ಪತ್ರ. ಅದನ್ನು ಹಿಡಿದು ಹಕ್ಕು ಕೇಳಲು ಬರುವುದಿಲ್ಲ, ಆದರೆ 6 ಕೇಳಿ 4 ಆದದ್ದು ಯಾಕೆ ಅಂತ ತಿಳಿಯಲು ಬೇಕಾಗುತ್ತದೆ.

ಪಟ್ಟಿಯಲ್ಲಿರುವ ಹಳೆಯ ಆದೇಶ ಇನ್ನೂ ಜೀವಂತವಾಗಿದೆಯಾ ಅಂತಲೂ ನೋಡಿ. ಗೆರೆಯ ಕೆಳಗೆ "ಮೇಲೆ ಓದಲಾದ (1)ರ ಆದೇಶವನ್ನು ರದ್ದುಪಡಿಸಿ" ಎಂದಿದ್ದರೆ ಅದು ಮುಗಿಯಿತು. "ಭಾಗಶಃ ಮಾರ್ಪಡಿಸಿ" ಎಂದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು, ಒಂದನ್ನೇ ಓದಿದರೆ ಅರ್ಥವಾಗುವುದಿಲ್ಲ. ಇಂಥ ಮಾತೇ ಇಲ್ಲದಿದ್ದರೆ ಹಳೆಯದು ಸಾಮಾನ್ಯವಾಗಿ ಮುಂದುವರಿಯುತ್ತದೆ. ನಮ್ಮ ಮಾದರಿಯಲ್ಲಿ ಹಾಗೇ ಇದೆ.

## ಹಂತ 6: ಈಗ ಪ್ರಸ್ತಾವನೆಗೆ ಬನ್ನಿ

ಕೊಟ್ಟಿದ್ದು ಏನು ಅಂತ ಗೊತ್ತಾದ ಮೇಲೆ ಪ್ರಸ್ತಾವನೆ ಓದಿದರೆ ಅದು ಬೇರೆಯಾಗಿ ಕಾಣುತ್ತದೆ. ಇದು ಕಡತದ ಕಥೆ. ಪ್ರತಿ ವಾಕ್ಯದ ಕೊನೆಯ ಪದ ನೋಡಿ. "ಕೋರಿರುತ್ತಾರೆ", "ಪ್ರಸ್ತಾವನೆ ಸಲ್ಲಿಸಿರುತ್ತಾರೆ", "ಅಭಿಪ್ರಾಯಪಟ್ಟಿರುತ್ತಾರೆ", "ವರದಿ ನೀಡಿರುತ್ತಾರೆ": ಇವೆಲ್ಲ ಬೇರೆಯವರ ಮಾತು. ಆಯುಕ್ತರು 96 ಲಕ್ಷ ಕೇಳಿದ್ದು ನಿಜ, ಆದರೆ ಅದು ಅವರ ಕೋರಿಕೆ.

ಕೊನೆಯಲ್ಲಿ ಬರುವ "ಪ್ರಸ್ತಾವನೆಯನ್ನು ಸರ್ಕಾರವು ಪರಿಶೀಲಿಸಿ, ಈ ಕೆಳಕಂಡಂತೆ ಆದೇಶಿಸಿದೆ" ಎಂಬ ಸಾಲು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. "ಆದೇಶಿಸಿದೆ" ಅಂತ ಕಂಡ ಕೂಡಲೇ ಮೇಲಿನದ್ದೆಲ್ಲ ಆದೇಶ ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ "ಈ ಕೆಳಕಂಡಂತೆ" ಇದೆ. ಅದು ಕೆಳಕ್ಕೆ ತೋರಿಸುವ ಸಾಲು.

ಹಾಗಂತ ಪ್ರಸ್ತಾವನೆ ಬೇಡದ ಭಾಗವಲ್ಲ. ಸರ್ಕಾರ ಯಾಕೆ ಹೀಗೆ ತೀರ್ಮಾನಿಸಿತು ಎಂಬ ಕಾರಣ ಇರುವುದು ಅಲ್ಲೇ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ, ಕಾನೂನಿನ ಅಧಿಕಾರ ಬಳಸಿ ಮಾಡಿದ ಆದೇಶವನ್ನು ಅದರಲ್ಲೇ ಬರೆದ ಕಾರಣಗಳಿಂದಲೇ ಅಳೆಯಬೇಕು, ಆಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸಲಾಗದು ಎಂದಿತು. ನಿಮಗೆ ವಿರುದ್ಧವಾದ ಆದೇಶ ಬಂದಾಗ ವಕೀಲರು ಮೊದಲು ಓದುವುದು ಈ ಭಾಗವನ್ನೇ. ನಮ್ಮ ಮಾದರಿಯ ಪ್ರಸ್ತಾವನೆಯಲ್ಲಿ 6 ಯಾಕೆ 4 ಆಯಿತು ಎಂಬುದಕ್ಕೆ ಒಂದು ಸಾಲೂ ಇಲ್ಲ. ಆ ಖಾಲಿ ಜಾಗವನ್ನು ಗುರುತು ಹಾಕಿಕೊಳ್ಳಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

## ಹಂತ 7: ಇಲ್ಲದ ಕಾಗದ ತರಿಸಿಕೊಳ್ಳುವುದು

ಒಂದು ಆದೇಶವನ್ನು ಪೂರ್ತಿ ಅರ್ಥಮಾಡಿಕೊಳ್ಳಲು ಅದರ ಉಲ್ಲೇಖಗಳೂ, ಆಮೇಲೆ ಬಂದ ತಿದ್ದುಪಡಿಯೂ ಕೈಯಲ್ಲಿರಬೇಕು. ತಿದ್ದುಪಡಿ ಅಥವಾ ತಿದ್ದೋಲೆ ಒಂದೇ ಸಾಲಿನದ್ದಾಗಿರಬಹುದು: "4 ಕೊಠಡಿಗಳು ಎಂಬುದರ ಬದಲಾಗಿ 5 ಕೊಠಡಿಗಳು ಎಂದು ಓದಿಕೊಳ್ಳತಕ್ಕದ್ದು". ಅದು ಮೂಲ ಆದೇಶದ ಪಿಡಿಎಫ್‌ನಲ್ಲಿ ಸೇರಿಕೊಳ್ಳುವುದಿಲ್ಲ, ಬೇರೆ ಕಾಗದವಾಗಿಯೇ ಇರುತ್ತದೆ.

ಇಲಾಖೆಯ ಜಾಲತಾಣದಲ್ಲಿ ಹುಡುಕುವಾಗ ಒಂದು ತೊಡಕಿದೆ. ಹಳೆಯ ಪಿಡಿಎಫ್‌ಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು, ಇನ್ನು ಕೆಲವು ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದವು. ಕಣ್ಣಿಗೆ ಕನ್ನಡವೇ ಕಾಣುತ್ತದೆ, ಆದರೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಇದೇ ಕಾರಣ. ಆಗ ಪದದಿಂದ ಹುಡುಕುವುದನ್ನು ಬಿಟ್ಟು, ದಿನಾಂಕದ ಪಟ್ಟಿ ತೆರೆದು ಕಣ್ಣಿನಿಂದಲೇ ನೋಡಬೇಕು.

ಸಿಗದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 6(1)ರಡಿ ಅರ್ಜಿ ಹಾಕಿ. ಕರ್ನಾಟಕದಲ್ಲಿ ಅರ್ಜಿ ಶುಲ್ಕ ₹10. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಅಂತ ರಾಜ್ಯದ ನಿಯಮ ಇದೆ. 30 ದಿನದೊಳಗೆ ಉತ್ತರ ಬರಬೇಕು. "ಕೊಠಡಿ ಯಾಕೆ ಕಡಿಮೆ ಮಾಡಿದಿರಿ" ಅಂತ ಪ್ರಶ್ನೆ ಕೇಳಬೇಡಿ, ಅದಕ್ಕೆ "ಅಭಿಪ್ರಾಯ ಕೊಡಲು ಬರುವುದಿಲ್ಲ" ಎಂಬ ಉತ್ತರ ಬರುವ ಸಾಧ್ಯತೆ ಜಾಸ್ತಿ. ಕಾಗದ ಕೇಳಿ. ನಮ್ಮ ಶಾಲೆಯ ವಿಷಯಕ್ಕೆ ಅರ್ಜಿಯ ಸಾರ ಹೀಗಿರಬಹುದು:

> ಸರ್ಕಾರದ ಆದೇಶ ಸಂಖ್ಯೆ: ಇಡಿ 45 ಎಂಐಎಸ್ 2023, ದಿನಾಂಕ: 09-09-2024ಕ್ಕೆ ಸಂಬಂಧಿಸಿದಂತೆ ಈ ಕೆಳಗಿನವುಗಳ ದೃಢೀಕೃತ ಪ್ರತಿಗಳನ್ನು ನೀಡಲು ಕೋರಿದೆ: (1) ಇದೇ ಸಂಖ್ಯೆಯ ದಿನಾಂಕ 18-12-2023ರ ಆದೇಶ. (2) ಆಯುಕ್ತರ ದಿನಾಂಕ 12-06-2024ರ ಪತ್ರ, ಅಡಕಗಳ ಸಹಿತ. (3) ಆರ್ಥಿಕ ಇಲಾಖೆಯ ಟಿಪ್ಪಣಿ ಸಂಖ್ಯೆ ಆಇ 310 ವೆಚ್ಚ-8/2024, ದಿನಾಂಕ 28-08-2024. (4) 12-06-2024ರಿಂದ 09-09-2024ರವರೆಗಿನ ಕಡತದ ಟಿಪ್ಪಣಿ ಹಾಳೆಗಳು. (5) 09-09-2024ರ ನಂತರ ಇದೇ ಕಡತದಲ್ಲಿ ಹೊರಡಿಸಿರುವ ತಿದ್ದುಪಡಿ ಅಥವಾ ಬಿಡುಗಡೆ ಆದೇಶಗಳು.

ಅರ್ಜಿಯನ್ನು ಆದೇಶ ಹೊರಡಿಸಿದ ಇಲಾಖೆಯ, ಸಹಿ ಮಾಡಿದ ಅಧಿಕಾರಿಯ ಶಾಖೆಗೆ ಸಂಬಂಧಿಸಿದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳಿಸಿ. ಸಂಖ್ಯೆಯಲ್ಲಿರುವ "ಎಂಐಎಸ್" ತುಂಡು ನೋಡಿ ಅವರು ಶಾಖೆಯನ್ನು ಗುರುತಿಸುತ್ತಾರೆ. ನಾಲ್ಕನೆಯದರಲ್ಲಿ, ಟಿಪ್ಪಣಿ ಹಾಳೆಗಳಲ್ಲಿ, 6 ಕೊಠಡಿ 4 ಆದ ಕಾರಣ ಸಿಗುವ ಸಾಧ್ಯತೆ ಹೆಚ್ಚು. ಐದನೆಯದಕ್ಕೆ "ಯಾವುದೂ ಹೊರಡಿಸಿಲ್ಲ" ಎಂಬ ಉತ್ತರ ಬಂದರೂ ಅದನ್ನು ಜೋಪಾನವಾಗಿಡಿ. ಅಲ್ಲಿಯವರೆಗೆ ಈ ಕೆಲಸಕ್ಕೆ ಹಣ ಬಿಡುಗಡೆಯಾಗಿಲ್ಲ ಎಂಬುದಕ್ಕೆ ಆ ಶಾಖೆಯಿಂದಲೇ ಬಂದ ಲಿಖಿತ ಉತ್ತರ ಅದು.